ಮೇಜು ಎಲ್ಲಿಂದ ಬಂತು? ಮನೆಯೊಳಗಿನ ಪದದ ಜಾಡು ಹಿಡಿಯುವ ಬಗೆ

ಮನೆಯಲ್ಲಿರುವ ವಸ್ತುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋಗಿ. ಮೇಜು, ಕುರ್ಚಿ, ಅಲ್ಮಾರು, ಪರದೆ, ಚಾದರ, ತುವಾಲು, ಸಾಬೂನು, ಚಾವಿ. ಇವುಗಳಲ್ಲಿ ಒಂದೂ ಅಚ್ಚಗನ್ನಡದ್ದಲ್ಲ. ಪರದೆ, ಚಾದರ ಪಾರಸಿಯವು. ಅಲ್ಮಾರು, ತುವಾಲು, ಚಾವಿ ಪೋರ್ಚುಗೀಸಿನವು. ಇಷ್ಟರ ಬಗ್ಗೆ ಜಗಳವಿಲ್ಲ. ಜಗಳ ಇರುವುದು ಮೇಜಿನ ಬಗ್ಗೆ. ಪಾರಸಿಯಲ್ಲಿ ‘ಮೇಜ಼್’ ಇದೆ, ಪೋರ್ಚುಗೀಸಿನಲ್ಲಿ ‘ಮೆಸಾ’ ಇದೆ, ಎರಡಕ್ಕೂ ಅರ್ಥ ಒಂದೇ. ಯಾವುದು ನಮ್ಮದಾಯಿತು? ಇದೊಂದನ್ನು ಬಿಡಿಸಲು ಕಲಿತರೆ ಉಳಿದ ಪದಗಳು ಸುಲಭ, ಹಾಗಾಗಿ ಮೇಜನ್ನೇ ಹಿಡಿದು ಹೋಗೋಣ.

ಮೊದಲು ಕನ್ನಡದ ಬಾಲ ತೆಗೆಯಿರಿ

ಪದ ಹೊರಗಿನಿಂದ ಬಂದಾಗ ಕನ್ನಡ ಅದನ್ನು ಹಾಗೇ ಬಿಡುವುದಿಲ್ಲ. ವ್ಯಂಜನದಲ್ಲಿ ನಿಂತ ಪದಕ್ಕೆ ಒಂದು ‘ಉ’ ಸೇರಿಸುತ್ತದೆ. ಬಾಜ಼ಾರ್ ಬಜಾರು ಆಯಿತು, ಶಾಲ್ ಶಾಲು ಆಯಿತು, ರೂಮಾಲ್ ರುಮಾಲು ಆಯಿತು. ‘ಅ’ ಅಥವಾ ‘ಆ’ದಲ್ಲಿ ಮುಗಿಯುವ ಪದವನ್ನು ಜಾಸ್ತಿ ಸಲ ‘ಎ’ಗೆ ತಿರುಗಿಸುತ್ತದೆ. ಪರ್ದಾ ಪರದೆಯಾಯಿತು, ದರ್ವಾಜ಼ಾ ದರ್ವಾಜೆಯಾಯಿತು, ಪೋರ್ಚುಗೀಸಿನ ಬಟಾಟಾ ಬಟಾಟೆಯಾಯಿತು. ಹಾಗಾಗಿ ಮೊದಲ ಕೆಲಸ, ಕೊನೆಯ ಸ್ವರವನ್ನು ಕಳಚಿ ಒಳಗಿನ ಪದ ಯಾವುದು ಎಂದು ನೋಡುವುದು.

ಮೇಜು ಕಳಚಿದರೆ ‘ಮೇಜ್’ ಉಳಿಯುತ್ತದೆ. ಮೆಸಾ ನೇರವಾಗಿ ಬಂದಿದ್ದರೆ ‘ಮೇಜೆ’ ಅಥವಾ ‘ಮೇಸೆ’ ಆಗಬೇಕಿತ್ತಲ್ವಾ? ಹಾಗಾದರೆ ಪಾರಸಿಯೇ ಗೆದ್ದಿತು ಅನ್ನಿಸುತ್ತದೆ. ಆದರೆ ಇಲ್ಲೇ ತುಂಬಾ ಜನ ಎಡವುವುದು. ಪೋರ್ಚುಗೀಸ್ ಪದಗಳು ಹೆಚ್ಚಾಗಿ ನಮಗೆ ನೇರವಾಗಿ ಬರಲಿಲ್ಲ, ಕೊಂಕಣಿಯ ಮೂಲಕ, ಮರಾಠಿಯ ಮೂಲಕ, ಹಿಂದುಸ್ತಾನಿಯ ಮೂಲಕ ಬಂದವು. ಆ ದಾರಿಯಲ್ಲಿ ಕೊನೆಯ ‘ಆ’ ಬಿದ್ದುಹೋಗುವುದುಂಟು. ಕಿಟಕಿಗೆ ಪೋರ್ಚುಗೀಸಿನಲ್ಲಿ ಜನೆಲಾ, ಕೊಂಕಣಿಯಲ್ಲಿ ಜನೆಲ್. ಮೆಸಾ ಕೂಡ ಕೊಂಕಣಿಯಲ್ಲಿ ಮೇಜ಼್ ಎಂದೇ ನಿಂತಿದೆ. ಆದ್ದರಿಂದ ಕೊನೆಯ ಸ್ವರ ಇಲ್ಲಿ ಒಂದು ಸುಳಿವು ಮಾತ್ರ, ತೀರ್ಪಲ್ಲ.

ಉಚ್ಚಾರಣೆ ಕೇಳಿ, ಕಾಗುಣಿತ ನಂಬಬೇಡಿ

‘ಮೆಸಾ’ ಎಂದು ಬರೆಯುವಾಗ ಅಲ್ಲಿ ‘ಸ’ ಇದೆ. ನಮ್ಮಲ್ಲಿ ‘ಜ’ ಇದೆ, ಆದ್ದರಿಂದ ಇದು ಪಾರಸಿ ಎಂದು ವಾದಿಸುವವರು ಇದ್ದಾರೆ. ಈ ವಾದ ನಿಲ್ಲುವುದಿಲ್ಲ. ಪೋರ್ಚುಗೀಸಿನಲ್ಲಿ ಎರಡು ಸ್ವರಗಳ ನಡುವೆ ಬರುವ ‘ಸ’ವನ್ನು ‘ಜ಼’ ಎಂದೇ ಉಚ್ಚರಿಸುತ್ತಾರೆ, ಅಂದರೆ ಮೆಸಾ ಕಿವಿಗೆ ಕೇಳಿಸುವುದು ಮೆಜ಼ಾ ಎಂದು. ಕನ್ನಡದಲ್ಲಿ ‘ಜ಼’ ಇಲ್ಲ, ಅದು ‘ಜ’ ಆಗುತ್ತದೆ. ಪಾರಸಿಯ ‘ಜ಼’ಗೂ ಅದೇ ಗತಿ. ಹಾಗಾಗಿ ಈ ‘ಜ’ ಎರಡೂ ಕಡೆಗೆ ಹೊಂದುತ್ತದೆ. ಎರಡೂ ಕಡೆಗೆ ಹೊಂದುವ ಸಾಕ್ಷಿಯನ್ನು ಪಕ್ಕಕ್ಕಿಡಬೇಕು, ಅದರ ಮೇಲೆ ಏನನ್ನೂ ಕಟ್ಟಬಾರದು.

ಉಚ್ಚಾರಣೆ ನಿಜಕ್ಕೂ ಸಹಾಯ ಮಾಡುವ ಜಾಗವೂ ಇದೆ. ಇಂಗ್ಲಿಷಿನ ‘ಟ’ ನಮ್ಮಲ್ಲಿ ‘ಟ’ ಆಗಿಯೇ ಬರುತ್ತದೆ, ಪೋರ್ಚುಗೀಸಿನದು ಸಾಮಾನ್ಯವಾಗಿ ‘ತ’ ಆಗುತ್ತದೆ. ಟವೆಲ್ ಇಂಗ್ಲಿಷಿನಿಂದ, ತುವಾಲು ಪೋರ್ಚುಗೀಸಿನ ತೊಆಲ್ಯಾದಿಂದ. ಒಂದೇ ಬಟ್ಟೆಗೆ ಎರಡು ದಾರಿಯಲ್ಲಿ ಎರಡು ಹೆಸರು! ಬಟಾಟೆಯಲ್ಲಿ ಈ ನಿಯಮ ಮುರಿದಿದೆ, ಆದ್ದರಿಂದ ಒಂದೇ ಅಕ್ಷರ ನೋಡಿ ನಿರ್ಧರಿಸುವುದು ಬೇಡ.

ಪಾರಸಿಯ ಬಗ್ಗೆ ಇನ್ನೊಂದು ಮಾತು. ಇವತ್ತಿನ ಇರಾನಿನಲ್ಲಿ ಈ ಪದವನ್ನು ‘ಮೀಜ಼್’ ಅನ್ನುತ್ತಾರೆ. ಅದನ್ನು ಕೇಳಿ ‘ನಮ್ಮಲ್ಲಿ ಮೇ ಇದೆ, ಹೊಂದಲಿಲ್ಲ’ ಎಂದು ಕೈಬಿಡಬೇಡಿ. ಭಾರತಕ್ಕೆ ಬಂದ ಪಾರಸಿ ಹಳೆಯದು, ಅದರಲ್ಲಿ ‘ಏ’ ಇತ್ತು. ಇರಾನಿನಲ್ಲಿ ಆಮೇಲೆ ಅದು ‘ಈ’ ಆಯಿತು, ಇಲ್ಲಿ ಹಾಗೇ ಉಳಿಯಿತು. 1892ರಲ್ಲಿ ಬಂದ ಸ್ಟೈನ್‌ಗಾಸ್ ಅವರ ಪಾರಸಿ-ಇಂಗ್ಲಿಷ್ ನಿಘಂಟಿನಂಥ ಹಳೆಯ ನಿಘಂಟು ಬೇಕಾಗುವುದು ಇದಕ್ಕೇ.

ನಿಘಂಟು ಹೇಳುವುದು ಹತ್ತಿರದ ಊರೋ, ದೂರದ ಊರೋ?

ಕನ್ನಡಕ್ಕೆ ಮೊದಲು ತೆರೆಯಬೇಕಾದದ್ದು ಕಿಟ್ಟೆಲ್ ಅವರ 1894ರ ನಿಘಂಟು. ಎರವಲು ಪದಗಳಿಗೆ ಅವರು ಹಿಂದುಸ್ತಾನಿ, ಮರಾಠಿ ಎಂದು ಚಿಕ್ಕದಾಗಿ ಗುರುತು ಹಾಕುತ್ತಾರೆ. ಇದನ್ನು ಓದುವಾಗ ಒಂದು ಎಚ್ಚರ ಬೇಕು: ಆ ಗುರುತು ಪದ ಯಾವ ಬಾಗಿಲಿನಿಂದ ಒಳಗೆ ಬಂತು ಎಂದು ಹೇಳುತ್ತದೆ, ಅದು ಹುಟ್ಟಿದ್ದು ಎಲ್ಲಿ ಎಂದಲ್ಲ. ಹಿಂದುಸ್ತಾನಿ ಎಂದು ಕಂಡ ಕೂಡಲೇ ಪಾರಸಿ ಎಂದು ಬರೆದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು.

ಅಲ್ಮಾರು ನೋಡಿ. ಹಿಂದಿಯಲ್ಲಿ ಅಲ್ಮಾರಿ. ಮೊದಲಲ್ಲೇ ‘ಅಲ್’ ಇರುವುದರಿಂದ ಅರಬ್ಬಿಯ ಹಾಗೆ ಕಾಣುತ್ತದೆ. ಆದರೆ ಇದು ಪೋರ್ಚುಗೀಸಿನ ಅರ್ಮಾರಿಯು, ಲ್ಯಾಟಿನ್ನಿನ ಅರ್ಮಾರಿಯಮ್‌ನ ಮಗ. ಒಂದೇ ಪದದಲ್ಲಿ ಎರಡು ‘ರ’ ಬಂದಾಗ ನಾಲಿಗೆ ಒಂದನ್ನು ‘ಲ’ ಮಾಡಿಬಿಡುತ್ತದೆ, ಪೋರ್ಚುಗೀಸಿನಲ್ಲೇ ಅಲ್ಮಾರಿಯು ಎಂಬ ರೂಪವೂ ಇತ್ತು. 1886ರ ಹಾಬ್ಸನ್-ಜಾಬ್ಸನ್ ಕೋಶ ಈ ಅಲ್ಮಾರಿಯುವನ್ನೇ ಮೂಲ ಎಂದು ಕೊಡುತ್ತದೆ. ಚಾವಿಯ ಕಥೆಯೂ ಇದೇ. ಹಿಂದಿಯಲ್ಲಿ ಚಾಬಿ ಇದೆ, ಆದರೆ ಇರಾನಿನವರು ಬೀಗದಕೈಗೆ ಹೇಳುವುದು ಕೆಲೀದ್. ಚಾವಿ ಬಂದದ್ದು ಪೋರ್ಚುಗೀಸಿನ ಶಾವಿಯಿಂದ, ಅದನ್ನು ಹಿಂದೆ ಚಾವಿ ಎಂದೇ ಉಚ್ಚರಿಸುತ್ತಿದ್ದರು.

ಕುರ್ಚಿಯಲ್ಲಿ ದಾರಿ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂಲ ಅರಬ್ಬಿಯ ಕುರ್ಸಿ, ಪಾರಸಿಯೂ ಅದನ್ನೇ ಎತ್ತಿಕೊಂಡಿತು, ಹಿಂದಿಯಲ್ಲೂ ಕುರ್ಸಿ. ಹಾಗಾದರೆ ನಮ್ಮ ‘ಚಿ’ ಎಲ್ಲಿಯದು? ಮರಾಠಿಯಲ್ಲಿ ಇದು ಖುರ್ಚಿ. ಕನ್ನಡದ ರೂಪ ಹಿಂದಿಗಿಂತ ಮರಾಠಿಗೆ ಹತ್ತಿರ, ಅಂದರೆ ಮರಾಠಿಯ ಬಾಗಿಲಿನಿಂದ ಬಂದಿರುವುದೇ ಹೆಚ್ಚು ಸಂಭವ.

ಪೋರ್ಚುಗೀಸ್ ಕಡೆಗೆ ನೋಡಲು ಒಳ್ಳೆಯ ಪುಸ್ತಕವೆಂದರೆ ಗೋವಾದ ಪಾದ್ರಿ ಸೆಬಾಸ್ಟಿಯಾಂವ್ ರೊಡಾಲ್ಫೊ ದಾಲ್ಗಾದೊ ಅವರದು. ಏಷ್ಯಾದ ಭಾಷೆಗಳಿಗೆ ಹೋದ ಪೋರ್ಚುಗೀಸ್ ಪದಗಳನ್ನು ಒಂದೊಂದಾಗಿ ಪಟ್ಟಿ ಮಾಡಿ 1913ರಲ್ಲಿ ಹೊರತಂದರು, ಇಂಗ್ಲಿಷ್ ಅನುವಾದ 1936ರಲ್ಲಿ ಬಂತು. ಒಂದು ಪೋರ್ಚುಗೀಸ್ ಪದ ಯಾವ ಯಾವ ಭಾಷೆಯಲ್ಲಿ ಯಾವ ರೂಪದಲ್ಲಿದೆ ಎಂಬುದು ಅಲ್ಲಿ ಒಟ್ಟಿಗೇ ಸಿಗುತ್ತದೆ.

ಪದದ ನೆಂಟರನ್ನು ಹುಡುಕಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಪದ ಒಂಟಿಯಾಗಿ ಬಂದಿದೆಯೋ, ಬಳಗ ಸಮೇತ ಬಂದಿದೆಯೋ?

ಕನ್ನಡದಲ್ಲಿ ‘ಮೇಜವಾನಿ’ ಎಂಬ ಮಾತಿದೆ, ಔತಣ ಎಂದರ್ಥ. ಮೇಜಿನ ಮೇಲೆ ಊಟ ಬಡಿಸುವುದರಿಂದ ನಾವೇ ಕಟ್ಟಿದ ಪದ ಅಂತ ಅನ್ನಿಸಬಹುದು, ಆದರೆ ಹಾಗಲ್ಲ. ಮರಾಠಿಯಲ್ಲೂ ಮೇಜವಾನಿ ಇದೆ. ಎರಡೂ ಪಾರಸಿಯ ಮೇಜ಼್‌ಬಾನೀ, ಅಂದರೆ ಅತಿಥಿ ಸತ್ಕಾರ. ಅತಿಥಿಯನ್ನು ಕರೆದು ಉಣಿಸುವವನು ಮೇಜ಼್‌ಬಾನ್. ಸ್ಟೈನ್‌ಗಾಸ್ ತೆರೆದರೆ ಪಾರಸಿಯ ಮೇಜ಼್‌ಗೆ ಮಣೆ-ಪೀಠದ ಅರ್ಥ ಮಾತ್ರವಲ್ಲ, ಅತಿಥಿ, ಔತಣ ಎಂಬ ಅರ್ಥಗಳೂ ಸಿಗುತ್ತವೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಪಾರಸಿಯ ಮೇಜ಼್ ಪೋರ್ಚುಗೀಸಿನಿಂದ ಹೋದದ್ದಲ್ಲ. ಮೇಜ಼್‌ಬಾನ್ ಪದ ಫಿರ್ದೌಸಿಯ ಶಾಹನಾಮೆಯಲ್ಲೇ ಇದೆ, ಆ ಕಾವ್ಯ ಮುಗಿದದ್ದು 1010ರ ಸುಮಾರಿಗೆ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಎರಡನೆಯದು, ಪಾರಸಿಯ ಈ ಬಳಗ ಕನ್ನಡ ನಾಡಿನೊಳಗೆ ನಿಜವಾಗಿಯೂ ಬಂದಿತ್ತು. ಮೇಜವಾನಿ ಬಂದ ದಾರಿಯಲ್ಲೇ ಮೇಜೂ ಬರಲು ಅಡ್ಡಿಯಿಲ್ಲ.

ನಕ್ಷೆ ಮುಂದಿಟ್ಟುಕೊಳ್ಳಿ

ಒಳನಾಡಿನಲ್ಲಿ ಬಹಮನಿಗಳು 1347ರಿಂದ, ಆಮೇಲೆ ಬಿಜಾಪುರದ ಆದಿಲ್ ಶಾಹಿಗಳು 1686ರವರೆಗೆ ಆಳಿದರು, ದರ್ಬಾರಿನಲ್ಲಿ ಪಾರಸಿ ನಡೆಯುತ್ತಿತ್ತು. ಕರಾವಳಿಯಲ್ಲಿ ಪೋರ್ಚುಗೀಸರು 1510ರಲ್ಲಿ ಅದೇ ಬಿಜಾಪುರದವರಿಂದ ಗೋವಾ ಕಿತ್ತುಕೊಂಡರು. ಕನ್ನಡ ಈ ಎರಡರ ನಡುವೆ ಇತ್ತು, ಅದಕ್ಕೇ ಈ ತೊಡಕು.

ಪಾರಸಿಯ ದರ್ಬಾರು ಇಲ್ಲದ ಕಡೆ ಏನಾಯಿತು ಅಂತ ನೋಡಿದರೆ ಹೋಲಿಕೆಗೆ ಒಳ್ಳೆಯದು. ಶ್ರೀಲಂಕಾದ ಕರಾವಳಿ 1658ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಸಿಂಹಳದಲ್ಲಿ ಮೇಜು ಅಂದರೆ ‘ಮೇಸಯ’. ಮಲಯಾಳದಲ್ಲಿ ‘ಮೇಶ’. ಇಲ್ಲೆಲ್ಲ ಕೊನೆಯ ಸ್ವರ ಉಳಿದಿದೆ, ‘ಜ’ ಬದಲಿಗೆ ‘ಸ’, ‘ಶ’ ಇದೆ. ನಮ್ಮ ರೂಪ ಆ ಗುಂಪಿಗೆ ಸೇರದೆ ಹಿಂದಿ, ಮರಾಠಿ, ಕೊಂಕಣಿಯ ಗುಂಪಿಗೆ ಸೇರುತ್ತದೆ.

ಇಷ್ಟನ್ನೂ ಒಟ್ಟಿಗಿಟ್ಟರೆ ನನಗೆ ತೋರುವುದು ಹೀಗೆ. ಒಳನಾಡಿನ ಮೇಜು ಪಾರಸಿಯದು, ಹಿಂದುಸ್ತಾನಿ ಇಲ್ಲವೇ ಮರಾಠಿಯ ಮೂಲಕ ಬಂದದ್ದು. ಕರಾವಳಿಯಲ್ಲಿ ಕೊಂಕಣಿಯ ಮೂಲಕ ಪೋರ್ಚುಗೀಸಿನ ಮೆಸಾ ಕೂಡ ಅದೇ ಆಕಾರ ತಳೆದು ಬಂದು ಇದರೊಡನೆ ಬೆರೆತಿದೆ. ‘ಪಾರಸಿ, ಜೊತೆಗೆ ಪೋರ್ಚುಗೀಸ್ ಬೆಂಬಲ’ ಎಂದು ಬರೆದಿಟ್ಟುಕೊಳ್ಳಿ. ಎಲ್ಲ ಪದಕ್ಕೂ ಒಬ್ಬನೇ ಅಪ್ಪ ಇರಬೇಕು ಎಂದು ಹಟ ಹಿಡಿದರೆ ಇಂಥ ಕಡೆ ಸಾಕ್ಷಿಯನ್ನು ಮುರಿಯಬೇಕಾಗುತ್ತದೆ.

ಮುಖ ನೋಡಿ ನೆಂಟಸ್ತಿಕೆ ಕಟ್ಟಬೇಡಿ

ಕೀಲಿಕೈಯ ‘ಕೀಲಿ’ ಮತ್ತು ಇರಾನಿನ ಕೆಲೀದ್ ಎಷ್ಟು ಹತ್ತಿರ ಕಾಣುತ್ತವೆ! ಎರಡೂ ಬೀಗದ ಸುತ್ತಲಿನ ಮಾತೇ. ಆದರೆ ಮನೆಯೊಳಗೇ ನೋಡಿ: ಕೀಲು, ಬಾಗಿಲ ಕೀಲು, ಮೊಣಕಾಲಿನ ಕೀಲು. ಸಂಸ್ಕೃತದ ಕೀಲ ಅಂದರೆ ಗೂಟ, ಬೆಣೆ. ಈ ಬಳಗ ಪಾರಸಿಯವರು ಬರುವ ಮೊದಲೇ ಇಲ್ಲಿತ್ತು. ಕೆಲೀದ್‌ನಿಂದ ಬಂದಿದ್ದರೆ ಕೊನೆಯ ‘ದ’ ಎಲ್ಲಿ ಹೋಯಿತು ಎಂದೂ ಹೇಳಬೇಕಾಗುತ್ತದೆ. ಕಿಟಕಿಯನ್ನು ಪಾರಸಿ ಎಂದುಕೊಳ್ಳುವವರೂ ಇದ್ದಾರೆ, ಅದು ಖಿಡಕಿ ಎಂಬ ಹಿಂದಿ-ಮರಾಠಿಯ ಸ್ವಂತ ಪದ.

ಈಗ ಇದೇ ಕ್ರಮವನ್ನು ಸಾಬೂನಿನ ಮೇಲೆ ಹಾಕಿ. ಪೋರ್ಚುಗೀಸಿನಲ್ಲಿ ಸಬಾಂವ್, ಅರಬ್ಬಿ-ಪಾರಸಿಯಲ್ಲಿ ಸಾಬೂನ್. ಬಾಲ ಕಳಚಿದರೆ ನಮ್ಮದು ‘ಸಾಬೂನ್’, ಪಾರಸಿಯ ರೂಪಕ್ಕೆ ಅಕ್ಷರಶಃ ಹೊಂದುತ್ತದೆ. ಪೋರ್ಚುಗೀಸಿನ ಮೂಗಿನ ‘ಆಂವ್’ ಈ ಕಡೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ತಿಂಡಿಯ ಅಂಗಡಿಯಲ್ಲೇ ಇದೆ: ಪಾಂವ್ ಎಂಬ ರೊಟ್ಟಿ ‘ಪಾವ್’ ಆಯಿತು, ‘ಪೂನು’ ಆಗಲಿಲ್ಲ. ಹಾಗಾಗಿ ಇಲ್ಲಿ ಮೇಜಿನ ಹಾಗೆ ಎರಡು ಕಡೆ ಪಾಲು ಹಂಚಬೇಕಿಲ್ಲ, ಸಾಬೂನು ಪಾರಸಿಯ ದಾರಿಯಲ್ಲಿ ಬಂದ ಅರಬ್ಬಿ ಪದ. ಖಮೀಸು ಇನ್ನೊಂದು ಇಂಥದೇ ಜೋಡಿ, ಪೋರ್ಚುಗೀಸಿನ ಕಮೀಸಾ ಮತ್ತು ಅರಬ್ಬಿಯ ಕಮೀಸ್. ಅಲ್ಲಿ ಮೊದಲು ನೋಡಬೇಕಾದದ್ದು ನಡುವಿನ ‘ಸ’: ಪೋರ್ಚುಗೀಸಿನಲ್ಲಿ ಅದು ‘ಜ಼’ ಎಂದು ಕೇಳಿಸುತ್ತದೆ, ಅರಬ್ಬಿಯಲ್ಲಿ ‘ಸ’ ಎಂದೇ.