ರೂಮಿನ ಮೆನು ಕಾರ್ಡ್ ಬರೆಯುವವರಿಗೆ

ಬಳ್ಳಾರಿ ಲಾಡ್ಜ್‌ಗಳಿಗೆ ಆಂಧ್ರದ ಕಡೆಯವರೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕೆಲಸಕ್ಕೆ ಬರುವ ಹಿಂದಿಯವರೂ ಇಳಿಯುತ್ತಾರೆ. ಕಾರ್ಡ್ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷಿನಲ್ಲಿರಲಿ. ಪ್ರತಿ ತಿನಿಸಿಗೆ ನಾಲ್ಕರಲ್ಲೂ ಒಂದೇ ನಂಬರ್ ಕೊಡಿ. ಫೋನಿನಲ್ಲಿ ಭಾಷೆ ತೊಡಕಾದರೂ "14, ಎರಡು ಪ್ಲೇಟ್" ಎಂದರೆ ಅಡುಗೆಮನೆಗೆ ತಿಳಿಯುತ್ತದೆ.

"ರಾತ್ರಿ 11ರವರೆಗೆ" ಎಂದಷ್ಟೇ ಬರೆದರೆ ಗಲಾಟೆ ಖಂಡಿತ. ಅತಿಥಿ 10:55ಕ್ಕೆ ಫೋನ್ ಮಾಡುತ್ತಾರೆ, ಅಷ್ಟರಲ್ಲಿ ಒಲೆ ಆರಿಸಿರುತ್ತಾರೆ. ಹೀಗೆ ಬರೆಯಿರಿ: "ಕೊನೆಯ ಆರ್ಡರ್ ರಾತ್ರಿ 10:30. ಊಟ ರೂಮಿಗೆ ಬರಲು 30ರಿಂದ 40 ನಿಮಿಷ ಬೇಕು." ನಡುರಾತ್ರಿಗೆ ಬರೀ "12" ಬೇಡ, "ರಾತ್ರಿ 12" ಎನ್ನಿ.

ಶುಲ್ಕದ ಸಾಲಿನಲ್ಲೇ ಹೆಚ್ಚು ಜಗಳ. "ಡೆಲಿವರಿ ₹30" ಎಂದರೆ ಮೂರು ತಿನಿಸು ತರಿಸಿದವರು ₹90 ಆಗುತ್ತೇನೋ ಎಂದು ಹಿಂಜರಿಯುತ್ತಾರೆ. "ಎಷ್ಟು ತಿನಿಸು ತರಿಸಿದರೂ ಒಂದು ಆರ್ಡರಿಗೆ ₹30. ಕುಡಿಯುವ ನೀರಿಗೆ ಶುಲ್ಕವಿಲ್ಲ" ಎಂದು ಪೂರ್ತಿ ಬರೆಯಿರಿ, ತೆರಿಗೆ ಸೇರಿದೆಯೋ ಇಲ್ಲವೋ ಅದನ್ನೂ ಹೇಳಿ. ಇದಕ್ಕೆ "ಸರ್ವೀಸ್ ಚಾರ್ಜ್" ಎಂಬ ಹೆಸರು ಮಾತ್ರ ಬೇಡ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ.

"ನಿಮ್ಮ ಇಚ್ಛೆಯಂತೆ ಮಾಡಿಕೊಡುತ್ತೇವೆ" ಎನ್ನಬೇಡಿ, ಆಗುವುದನ್ನಷ್ಟೇ ಬರೆಯಿರಿ: "ಖಾರ ಕಡಿಮೆ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದೆ: ಆರ್ಡರ್ ಮಾಡುವಾಗಲೇ ತಿಳಿಸಿ." ಬೆಳಿಗ್ಗೆಯೇ ರುಬ್ಬಿಟ್ಟ ಮಸಾಲೆಯ ಗ್ರೇವಿಯಿಂದ ಬೆಳ್ಳುಳ್ಳಿ ತೆಗೆಯಲಾಗದು, ಅಂಥ ತಿನಿಸಿನ ಮುಂದೆ ಗುರುತು ಹಾಕಿ. ಶೇಂಗಾ ಪುಡಿ, ಶೇಂಗಾ ಎಣ್ಣೆ ಬಳಸುವ ಅಡುಗೆಮನೆಯಾದರೆ ಅದನ್ನು ನಾಲ್ಕೂ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ, ಅಲರ್ಜಿ ಇರುವವರಿಗೆ ಅದು ಜೀವದ ಪ್ರಶ್ನೆ.