ಎಸ್‌ಎಸ್‌ಎಒ ಬರೆದೆ, ಕಂಬದ ಸುತ್ತ ಕಪ್ಪು ಪಟ್ಟಿ ಬಂತು

ಓಪನ್‌ಜಿಎಲ್‌ನಲ್ಲಿ ನನ್ನದೇ ಒಂದು ಪುಟ್ಟ ರೆಂಡರರ್ ಇದೆ. ಅದರಲ್ಲಿ ಗೋಡೆಯ ಮೂಲೆಗಳೂ ಮಧ್ಯಭಾಗವೂ ಒಂದೇ ಥರ ಬೆಳಗಿ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತಿತ್ತು. ಅದಕ್ಕೇ ಮೂಲೆ, ಸಂದಿಗಳನ್ನು ಕತ್ತಲು ಮಾಡುವ ಸ್ಕ್ರೀನ್ ಸ್ಪೇಸ್ ಆಂಬಿಯೆಂಟ್ ಅಕ್ಲೂಶನ್, ಅಂದರೆ ಎಸ್‌ಎಸ್‌ಎಒ, ಬರೆಯಲು ಕೂತೆ. ಬರೆಯುವುದು ಬೇಗ ಮುಗಿಯಿತು. ಜಾಸ್ತಿ ಸಮಯ ತಿಂದಿದ್ದು ವಸ್ತುಗಳ ಅಂಚಿನ ಸುತ್ತ ಬಂದ ಹೇಲೋ. ಇಲ್ಲಿ ಹೇಳುವುದು ಹೆಚ್ಚಾಗಿ ಅದರ ಬಗ್ಗೆಯೇ.

ಮೊದಲು ಮೂಲ ವಿಧಾನ. ಸೀನನ್ನು ಒಮ್ಮೆ ಬಿಡಿಸಿ, ಪ್ರತಿ ಪಿಕ್ಸೆಲ್‌ನ ಡೆಪ್ತ್, ಅಂದರೆ ಕ್ಯಾಮೆರಾದಿಂದ ದೂರ, ಮತ್ತು ನಾರ್ಮಲ್, ಅಂದರೆ ಮೇಲ್ಮೈ ಮುಖಮಾಡಿದ ದಿಕ್ಕು, ಉಳಿಸಿಕೊಳ್ಳಬೇಕು. ಆಮೇಲೆ ಶೇಡರ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರ ಜಾಗದಿಂದ ನಾರ್ಮಲ್ ದಿಕ್ಕಿಗೆ ಒಂದು ಅರ್ಧಗೋಳ ಊಹಿಸಿ, ಅದರೊಳಗೆ ಅಲ್ಲಲ್ಲಿ ಸ್ಯಾಂಪಲ್ ಬಿಂದುಗಳನ್ನು ಇಡಬೇಕು. ನಾನು 64 ಇಟ್ಟೆ. ರೇಡಿಯಸ್ ಅರ್ಧ ಮೀಟರ್. ಪ್ರತಿ ಸ್ಯಾಂಪಲ್ ಸ್ಕ್ರೀನ್ ಮೇಲೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ, ಅಲ್ಲಿನ ಡೆಪ್ತ್ ಓದಬೇಕು. ಅಲ್ಲಿರುವ ಮೇಲ್ಮೈ ಸ್ಯಾಂಪಲ್‌ಗಿಂತ ಕ್ಯಾಮೆರಾಗೆ ಹತ್ತಿರ ಇದ್ದರೆ ಆ ಸ್ಯಾಂಪಲ್ ಮುಚ್ಚಿದೆ ಅಂತ ಎಣಿಕೆ. ಎಷ್ಟು ಪಾಲು ಮುಚ್ಚಿದೆಯೋ ಅಷ್ಟು ಕತ್ತಲು. ಇಷ್ಟೇ.

2007ರಲ್ಲಿ ಕ್ರೈಸಿಸ್ ಆಟ ಈ ವಿಧಾನವನ್ನು ಜನಪ್ರಿಯ ಮಾಡಿದಾಗ ಅರ್ಧಗೋಳದ ಬದಲು ಇಡೀ ಗೋಳ ಬಳಸಿದ್ದರು. ಸಪಾಟು ಗೋಡೆಯಲ್ಲೂ ಅರ್ಧ ಸ್ಯಾಂಪಲ್‌ಗಳು ಗೋಡೆಯ ಒಳಗೇ ಹೋಗುತ್ತವೆ, ಹಾಗಾಗಿ ಎಲ್ಲವೂ ಬೂದು. ಹೊರಚಾಚಿದ ಅಂಚುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮುಚ್ಚುವುದರಿಂದ ಅಂಚುಗಳು ಬೆಳ್ಳಗೆ ಮಿಂಚುತ್ತವೆ. ಅದೂ ಒಂದು ಬಗೆಯ ಹೇಲೋನೇ. ಅರ್ಧಗೋಳಕ್ಕೆ ಬದಲಾದರೆ ಅದು ಹೋಗುತ್ತದೆ. ಆದರೆ ನನ್ನ ತೊಂದರೆ ಬೇರೆಯದು.

ನನ್ನ ಪರೀಕ್ಷೆಯ ಸೀನ್ ಹೀಗಿತ್ತು: ಕ್ಯಾಮೆರಾದಿಂದ 5 ಮೀಟರ್ ದೂರದಲ್ಲಿ ಬಿಳಿ ಗೋಡೆ. 3 ಮೀಟರ್ ದೂರದಲ್ಲಿ 30 ಸೆಂಟಿಮೀಟರ್ ಅಗಲದ ಕಂಬ. ಕಂಬಕ್ಕೂ ಗೋಡೆಗೂ ನಡುವೆ 2 ಮೀಟರ್ ಖಾಲಿ ಜಾಗ. ಅಂದರೆ ಕಂಬದಿಂದ ಗೋಡೆಯ ಮೇಲೆ ಇಂಥ ನೆರಳು ಬೀಳಲು ಕಾರಣವೇ ಇಲ್ಲ. ಆದರೂ ಕಂಬದ ಎರಡೂ ಬದಿಗೆ ಗೋಡೆಯ ಮೇಲೆ ಅಗಲವಾದ ಕಪ್ಪು ಪಟ್ಟಿ. ಕ್ಯಾಮೆರಾ ಸರಿಸಿದರೆ ಪಟ್ಟಿಯೂ ಕಂಬದ ಜೊತೆಗೇ ಗೋಡೆ ಮೇಲೆ ಜಾರುತ್ತಿತ್ತು. ಸ್ಥಿರ ಚಿತ್ರದಲ್ಲಿ ಹೇಗೋ ಸಹಿಸಬಹುದು. ಚಲಿಸಿದಾಗ ಆಗಲ್ಲ.

ಕಾರಣ ಡೆಪ್ತ್ ಬಫರ್‌ನಲ್ಲೇ ಇದೆ. ಅದರಲ್ಲಿ ಪ್ರತಿ ಪಿಕ್ಸೆಲ್‌ಗೆ ಒಂದೇ ಅಂಕಿ: ಮೊದಲು ಎದುರಾಗುವ ಮೇಲ್ಮೈ ಎಷ್ಟು ದೂರ ಅಂತ. ಇಡೀ ಸೀನಿನ ಮೇಲೆ ಕ್ಯಾಮೆರಾ ಕಡೆಯಿಂದ ಬೆಡ್‌ಶೀಟ್ ಹೊದಿಸಿದ ಹಾಗೆ. ಶೀಟಿನ ಹಿಂದೆ ಏನಿದೆ ಅನ್ನುವುದು ಶೇಡರ್‌ಗೆ ಗೊತ್ತಿಲ್ಲ. ಕಂಬದ ದಪ್ಪ ಎಷ್ಟು, ಅದರ ಹಿಂದೆ 2 ಮೀಟರ್ ಗಾಳಿ ಇದೆಯೋ ಇಟ್ಟಿಗೆ ಇದೆಯೋ, ಏನೂ ತಿಳಿಯದು. ನಮ್ಮ ಪರೀಕ್ಷೆ ಅಲ್ಲಿ ಇರುವುದೆಲ್ಲ ಗಟ್ಟಿ ಅಂತ ಅಂದುಕೊಳ್ಳುತ್ತದೆ. ಗೋಡೆಯ ಪಿಕ್ಸೆಲ್‌ನ ಸ್ಯಾಂಪಲ್‌ಗಳು ಗೋಡೆಯ ಹತ್ತಿರವೇ ಖಾಲಿ ಜಾಗದಲ್ಲಿ ಇವೆ. ಆದರೆ ಸ್ಕ್ರೀನ್ ಮೇಲೆ ಅವು ಕಂಬದ ಮೇಲೆ ಬಿದ್ದಾಗ, ಕಂಬ ಮುಂದಿದೆ, ಹಾಗಾಗಿ ಮುಚ್ಚಿದೆ ಅಂತ ಎಣಿಕೆ ಆಗುತ್ತದೆ.

ಪಟ್ಟಿಯ ಅಗಲವನ್ನೂ ಲೆಕ್ಕ ಹಾಕಬಹುದು. 1080 ಪಿಕ್ಸೆಲ್ ಎತ್ತರದ ಸ್ಕ್ರೀನ್, ಮೇಲಿಂದ ಕೆಳಗೆ 60 ಡಿಗ್ರಿ ನೋಟ. ಆಗ ಫೋಕಲ್ ಅಳತೆ ಸುಮಾರು 935 ಪಿಕ್ಸೆಲ್. ಅದನ್ನು ರೇಡಿಯಸ್ 0.5ರಿಂದ ಗುಣಿಸಿ, ಗೋಡೆಯ ದೂರ 5ರಿಂದ ಭಾಗಿಸಿದರೆ ಸುಮಾರು 93 ಪಿಕ್ಸೆಲ್. ಕಂಬವೂ ಸ್ಕ್ರೀನ್ ಮೇಲೆ ಹೆಚ್ಚುಕಡಿಮೆ ಅಷ್ಟೇ ಅಗಲ. ಹಾಗಾಗಿ ಕಂಬದ ಅಂಚಿಗೆ ತಾಗಿದ ಗೋಡೆಯ ಪಿಕ್ಸೆಲ್‌ನಲ್ಲಿ 64ರಲ್ಲಿ ಅರ್ಧ, ಅಂದರೆ 32 ಸ್ಯಾಂಪಲ್‌ಗಳು ಕಂಬದ ಮೇಲೆ ಬೀಳುತ್ತವೆ. ಬೆಳಕು 1 ಇರಬೇಕಾದ ಕಡೆ 0.5.

ಇದಕ್ಕೆ ಎಲ್ಲರೂ ಹಾಕುವ ಮದ್ದು ರೇಂಜ್ ಚೆಕ್. ಸಿಕ್ಕ ಮೇಲ್ಮೈ ನಮ್ಮ ಪಿಕ್ಸೆಲ್‌ನಿಂದ ತುಂಬಾ ದೂರ ಇದ್ದರೆ ಅದರ ಲೆಕ್ಕ ಕಡಿಮೆ ಮಾಡುವುದು:

```glsl
float w = smoothstep(0.0, 1.0, radius / abs(pos.z - sceneZ));
occ += (sceneZ >= s.z + bias ? 1.0 : 0.0) * w;
```

ಇಲ್ಲಿ `pos` ನಮ್ಮ ಪಿಕ್ಸೆಲ್‌ನ ಜಾಗ, `s` ಸ್ಯಾಂಪಲ್‌ನ ಜಾಗ, `sceneZ` ಅಲ್ಲಿ ಸಿಕ್ಕ ಮೇಲ್ಮೈಯ z. ಕ್ಯಾಮೆರಾದ ಮುಂದೆ z ಋಣ, ಹಾಗಾಗಿ z ದೊಡ್ಡದಾದಷ್ಟೂ ಹತ್ತಿರ. `bias` ಗೋಡೆ ತನ್ನನ್ನೇ ಮುಚ್ಚಿಕೊಳ್ಳದಂತೆ ಇಡುವ ಸಣ್ಣ ಅಂತರ, 0.025 ಸಾಕು. ನನ್ನ ಕಂಬಕ್ಕೆ ಈ ಸೂತ್ರ ಹಾಕಿದರೆ 0.5 ಭಾಗಿಸು 2, ಅಂದರೆ 0.25. ಸ್ಮೂತ್‌ಸ್ಟೆಪ್ ಆದಮೇಲೆ ಸುಮಾರು 0.16. ಅರ್ಧ ಸ್ಯಾಂಪಲ್‌ಗಳಿಗೆ ಈ ತೂಕ ಬಿದ್ದರೆ ಬೆಳಕು 0.92. ಕಪ್ಪು ಪಟ್ಟಿ ಮಸುಕಾಯಿತು. ಆದರೆ ಹೋಗಲಿಲ್ಲ, ಬಿಳಿ ಗೋಡೆ ನೋಡಿ. ಮೂಲೆಗಳು ಇನ್ನೂ ಗಾಢವಾಗಿ ಕಾಣಲಿ ಅಂತ ಕೊನೆಗೆ ಫಲಿತಾಂಶವನ್ನು ವರ್ಗ ಮಾಡುವ ರೂಢಿ ಇದೆಯಲ್ಲ, ಅದು ಈ 0.92ನ್ನು 0.85 ಮಾಡಿ ಪಟ್ಟಿಯನ್ನು ವಾಪಸ್ ಕರೆತಂದಿತು.

ಇನ್ನೊಂದು ಕಡೆ ನೋಡಿದರೆ ಉಲ್ಟಾ ತೊಂದರೆ. ಗೋಡೆಯೂ ನೆಲವೂ ಸೇರುವ ಸಾಲು ಕತ್ತಲಾಗಿರಬೇಕು. ಆ ಸಾಲು ಕಂಬದ ಹಿಂದೆ ಹಾದುಹೋಗುವ ಜಾಗದಲ್ಲಿ, ಕಂಬದ ಪಕ್ಕದಲ್ಲೇ ಬೆಳ್ಳಗಿನ ಪಟ್ಟಿ! ಲೆಕ್ಕ ಮಾಡಿದಾಗ ಗೊತ್ತಾಯಿತು. ಆ ಸಾಲಿನ ಮೇಲಿನ ಪಿಕ್ಸೆಲ್‌ನಲ್ಲಿ ಕೆಳಗಿನ ಅರ್ಧ ಸ್ಯಾಂಪಲ್‌ಗಳು ನೆಲದೊಳಗೆ ಹೋಗುತ್ತವೆ, ಸರಿಯಾದ ಉತ್ತರ 0.5. ಕಂಬ ಬಲಗಡೆಯ ಅರ್ಧವನ್ನು ಮರೆಮಾಡಿದೆ ಅಂದುಕೊಳ್ಳಿ. ಎಡಗಡೆ 32ರಲ್ಲಿ 16 ಮುಚ್ಚಿವೆ. ಬಲಗಡೆಯ 32ಕ್ಕೂ ತಲಾ 0.16 ತೂಕ, ಒಟ್ಟು 5. ಹೀಗೆ 64ರಲ್ಲಿ 21 ಮಾತ್ರ ಮುಚ್ಚಿವೆ ಅಂತಾಯಿತು, ಬೆಳಕು 0.67. ಇರಬೇಕಾದದ್ದಕ್ಕಿಂತ ಜಾಸ್ತಿ.

ಕಪ್ಪು ಹೇಲೋ ಮತ್ತು ಬಿಳಿ ಹೇಲೋ ಎರಡರ ಬೇರೂ ಒಂದೇ ಅಂತ ನನಗೆ ಆಗ ಹೊಳೆಯಿತು. ಕಂಬದ ಮೇಲೆ ಬಿದ್ದ ಸ್ಯಾಂಪಲ್ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಮುಚ್ಚಿದೆ ಅಂದರೆ ಕಪ್ಪು. ರೇಂಜ್ ಚೆಕ್ ಮಾಡುವ ಹಾಗೆ ತೆರೆದಿದೆ ಅಂದರೆ ಬಿಳಿ. ಗೊತ್ತಿಲ್ಲದ ಸ್ಯಾಂಪಲನ್ನು ಲೆಕ್ಕದಿಂದಲೇ ಕೈಬಿಟ್ಟು, ಉಳಿದವುಗಳಿಂದ ಮಾತ್ರ ಭಾಗಿಸಬೇಕು.

```glsl
float d = sceneZ - pos.z;
float w = 1.0 - smoothstep(2.0 * radius, 4.0 * radius, d);
occ   += step(s.z + bias, sceneZ) * w;
total += w;
```

ಲೂಪ್ ಮುಗಿದ ಮೇಲೆ:

```glsl
float ao = 1.0 - occ / max(total, 1.0);
```

ಕಂಬ 2 ಮೀಟರ್ ಮುಂದಿದೆ, ಅಂದರೆ ರೇಡಿಯಸ್‌ನ ನಾಲ್ಕು ಪಟ್ಟು. ತೂಕ ಸೊನ್ನೆ. ಈಗ ಖಾಲಿ ಗೋಡೆಯಲ್ಲಿ 32ಕ್ಕೆ 0 ಮುಚ್ಚಿದೆ, ಬೆಳಕು 1. ನೆಲದ ಸಾಲಿನಲ್ಲಿ 32ಕ್ಕೆ 16, ಬೆಳಕು 0.5. ಎರಡೂ ಕಡೆ ಹೇಲೋ ಮಾಯ. ಕಂಬದ ಪಕ್ಕ ಸ್ಯಾಂಪಲ್‌ಗಳು ಕಡಿಮೆ ಆಗುವುದರಿಂದ ಸ್ವಲ್ಪ ಕಾಳುಕಾಳಾಗಿ ಕಾಣುತ್ತದೆ, ಅದನ್ನು ಆಮೇಲೆ ಹಾಕುವ ಬ್ಲರ್ ನುಂಗುತ್ತದೆ.

ಈ ಕೋಡಿನಲ್ಲಿ ಎರಡು ಕಡೆ ಕೈ ಹಾಕುವ ಮುಂಚೆ ಯೋಚಿಸಿ. ಒಂದು, `d`ಗೆ `abs` ಹಾಕಬಾರದು. ಮೇಜಿನ ಅಂಚಿನ ಪಿಕ್ಸೆಲ್‌ನಿಂದ ಹೊರಟ ಸ್ಯಾಂಪಲ್ ದೂರದ ಗೋಡೆಯ ಮೇಲೆ ಬಿದ್ದರೆ ಅದು ನಿಜವಾಗಿಯೂ ತೆರೆದಿದೆ, ಅದನ್ನು ಎಣಿಸಲೇಬೇಕು. `abs` ಇದ್ದರೆ ಅದೂ ಬಿಟ್ಟುಹೋಗಿ ಮೇಜಿನ ಅಂಚೇ ಕಪ್ಪಾಗುತ್ತದೆ. ಎರಡು, ತೂಕ ಇಳಿಯಲು ಶುರುವಾಗುವುದು ಒಂದು ರೇಡಿಯಸ್‌ಗೆ ಅಲ್ಲ, ಎರಡಕ್ಕೆ. ಒಂದಕ್ಕೇ ಇಟ್ಟು ನೋಡಿದಾಗ ದೂರದ ನೆಲದ ಸಾಲು ಮಸುಕಾಯಿತು. ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿದ್ದರೆ ದೃಷ್ಟಿ ನೆಲವನ್ನು ಓರೆಯಾಗಿ ತಾಗುತ್ತದೆ. ನೆಲಕ್ಕಿಂತ 30 ಸೆಂಟಿಮೀಟರ್ ಕೆಳಗಿನ ಸ್ಯಾಂಪಲ್‌ಗೆ ಎದುರಾಗುವ ನೆಲ ಗೋಡೆಗಿಂತ ಸುಮಾರು 80 ಸೆಂಟಿಮೀಟರ್ ಮುಂದೆ ಇರುತ್ತದೆ. ಅದು ನಿಜವಾದ ತಡೆ. ಅದನ್ನೂ ಬಿಟ್ಟರೆ ಎಸ್‌ಎಸ್‌ಎಒ ಇದ್ದೂ ಇಲ್ಲದ ಹಾಗೆ.

ಇಷ್ಟಾದರೂ ಅಂಚಿನಲ್ಲಿ ಒಂದು ಸಣ್ಣ ಗೆರೆ ಉಳಿದಿತ್ತು. ಅದು ಬೇರೆ ಜಾತಿಯದು. ಹೇಲೋ ಎಲ್ಲಿಂದ ಬಂತು ಅಂತ ತಿಳಿಯಲು ನಾನು ಈ ಕತ್ತಲಿನ ಲೆಕ್ಕ ಇರುವ ಎಒ ಬಫರ್ ಒಂದನ್ನೇ ಸ್ಕ್ರೀನ್ ಮೇಲೆ ತೋರಿಸಿ ನೋಡುತ್ತೇನೆ. ರೇಡಿಯಸ್ ಅರ್ಧ ಮಾಡಿದಾಗ ಪಟ್ಟಿಯೂ ಅರ್ಧವಾದರೆ ತೊಂದರೆ ಸ್ಯಾಂಪಲಿಂಗ್‌ನಲ್ಲಿದೆ. ಗೋಡೆಯಿಂದ ದೂರ ಹೋದಾಗ ಪಟ್ಟಿ ಕಿರಿದಾದರೂ ಹಾಗೇ. ಏನೇ ಮಾಡಿದರೂ ಗೆರೆ ಅದೇ ಒಂದೆರಡು ಪಿಕ್ಸೆಲ್ ಇದ್ದರೆ ಬ್ಲರ್ ಕಡೆ ನೋಡಬೇಕು. ನನ್ನದು 4×4ರ ಸಾದಾ ಬ್ಲರ್. ಅದು ಕಂಬದ ಎಒ ಬೆಲೆಯನ್ನು ಗೋಡೆಗೂ ಗೋಡೆಯದನ್ನು ಕಂಬಕ್ಕೂ ಬೆರೆಸುತ್ತಿತ್ತು. ಪಕ್ಕದ ಪಿಕ್ಸೆಲ್‌ನ ಡೆಪ್ತ್ ತುಂಬಾ ಬೇರೆ ಇದ್ದರೆ ಅದನ್ನು ಸೇರಿಸಬೇಡ ಅಂತ ಒಂದು ಶರತ್ತು ಹಾಕಿದ ಮೇಲೆ ಗೆರೆ ಹೋಯಿತು. ವೇಗಕ್ಕಾಗಿ ಎಒವನ್ನು ಅರ್ಧ ರೆಸಲ್ಯೂಶನ್‌ನಲ್ಲಿ ಮಾಡುವವರಿಗೆ ಈ ಗೆರೆ ಇನ್ನೂ ದಪ್ಪ ಕಾಣುತ್ತದೆ, ದೊಡ್ಡದು ಮಾಡುವಾಗಲೂ ಇದೇ ಶರತ್ತು ಬೇಕು.

ಡೆಪ್ತ್ ಟೆಕ್ಸ್ಚರ್‌ಗೆ `GL_NEAREST` ಇರಲಿ. `GL_LINEAR` ಇದ್ದರೆ 3 ಮೀಟರ್ ಮತ್ತು 5 ಮೀಟರ್ ನಡುವೆ 4 ಮೀಟರ್ ಅನ್ನುವ, ಸೀನಿನಲ್ಲಿ ಇಲ್ಲದ ಮೇಲ್ಮೈ ಹುಟ್ಟಿಕೊಳ್ಳುತ್ತದೆ. ಪೊಸಿಶನ್ ಟೆಕ್ಸ್ಚರನ್ನು ಸೊನ್ನೆಯಿಂದ ಕ್ಲಿಯರ್ ಮಾಡುವ ಅಭ್ಯಾಸ ಇದ್ದರೆ ಅದೂ ಕಾಡುತ್ತದೆ: ಆಕಾಶದ ಪಿಕ್ಸೆಲ್‌ಗಳ z ಸೊನ್ನೆ, ಅಂದರೆ ಆಕಾಶ ಕ್ಯಾಮೆರಾದ ಮೂಗಿನ ತುದಿಯಲ್ಲೇ ಇದೆ ಅಂತ ಶೇಡರ್ ನಂಬುತ್ತದೆ. ದೊಡ್ಡ ಋಣ ಸಂಖ್ಯೆಯಿಂದ ಕ್ಲಿಯರ್ ಮಾಡಿದರೆ ಆಯಿತು.

ಉಳಿದದ್ದು ಗೋಡೆಗೆ ಹತ್ತಿರ ಇರುವ ತೆಳು ವಸ್ತುಗಳು. ಗೋಡೆಯಿಂದ 20 ಸೆಂಟಿಮೀಟರ್ ಮುಂದೆ ಇರುವ ಕುರ್ಚಿಯ ಕಾಲಿಗೆ ನನ್ನ ತೂಕ ಪೂರ್ತಿ 1. ಅದರ ಹಿಂದಿನ ಗಾಳಿಯೂ ಗಟ್ಟಿ ಅಂತಲೇ ಎಣಿಕೆ, ಹಾಗಾಗಿ ಅದರ ಸುತ್ತ ಕಪ್ಪು ಇದ್ದೇ ಇದೆ. ಇದಕ್ಕೆ ದಪ್ಪದ ಒಂದು ಮಿತಿ ಹಾಕಿ ನೋಡಿದೆ: ಸ್ಯಾಂಪಲ್ ಮೇಲ್ಮೈಯಿಂದ 5 ಸೆಂಟಿಮೀಟರ್‌ಗಿಂತ ಜಾಸ್ತಿ ಹಿಂದಿದ್ದರೆ ಅದನ್ನು ತೆರೆದಿದೆ ಅಂತ ಬಿಡುವುದು. ಕುರ್ಚಿಯ ಕಾಲು ಚೊಕ್ಕವಾಯಿತು. ಆದರೆ ದಪ್ಪ ಪೆಟ್ಟಿಗೆಗಳ ಬುಡದಲ್ಲಿ ಕತ್ತಲೇ ಹೋಯಿತು, ಅವು ನೆಲದಿಂದ ಮೇಲೆ ತೇಲುವ ಹಾಗೆ ಕಂಡವು. ಹಿಂದಿನ ಮೇಲ್ಮೈಯನ್ನೂ ಇಟ್ಟುಕೊಳ್ಳುವ ಎರಡನೇ ಡೆಪ್ತ್ ಪದರ ಇದಕ್ಕೆ ಸರಿಯಾದ ಉತ್ತರ, ಆದರೆ ಸೀನನ್ನು ಇನ್ನೊಮ್ಮೆ ಬಿಡಿಸಬೇಕು. ನಾನು ಆ ಖರ್ಚಿಗೆ ಹೋಗಲಿಲ್ಲ. ದಪ್ಪದ ಮಿತಿ ತೆಗೆದು, ರೇಡಿಯಸ್ಸನ್ನು 0.5ರಿಂದ 0.3ಕ್ಕೆ ಇಳಿಸಿದೆ. ಜೊತೆಗೆ ಎಒವನ್ನು ಆಂಬಿಯೆಂಟ್ ಬೆಳಕಿಗೆ ಮಾತ್ರ ಗುಣಿಸುತ್ತೇನೆ, ನೇರ ಬಿಸಿಲಿಗೆ ಅಲ್ಲ. ಕುರ್ಚಿಯ ಕಾಲಿನ ಸುತ್ತ ಬಿಸಿಲು ಬಿದ್ದ ಕಡೆ ಹೇಲೋ ಕಾಣುವುದೇ ಕಡಿಮೆ, ನೆರಳಿನ ಕಡೆ ಹುಡುಕಿದರೆ ಸಿಗುತ್ತದೆ.