ನೀರು ‘ಬರಲಿಲ್ಲ’ವೋ, ‘ಬಂದಿಲ್ಲ’ವೋ? ಕ್ರಿಯಾಪದಕ್ಕೆ ಇಲ್ಲ ಹಚ್ಚುವ ಕ್ರಮ

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ನೀರಿನ ದೂರು ಬರೆಯದ ಮನೆ ಸಿಗುವುದು ಕಷ್ಟ. ನಮ್ಮ ಓಣಿಯ ಅರ್ಜಿಗಳು ತಿದ್ದುಪಡಿಗೆ ನನ್ನ ಹತ್ತಿರ ಬರುತ್ತವೆ. ಒತ್ತಕ್ಷರ, ಕಾಗುಣಿತ ಸಾಮಾನ್ಯವಾಗಿ ಸರಿ ಇರುತ್ತವೆ. ಎಡವುವುದು ಒಂದೇ ಕಡೆ, ‘ಇಲ್ಲ’ದ ಹತ್ತಿರ. ನೀರು ಬಂತು, ಬಂದಿದೆ, ಬರುತ್ತದೆ ಎಂದು ಸರಿಯಾಗಿ ಬರೆಯುವವರೇ ನೀರು ಬಾರದ ಕತೆ ಹೇಳುವಾಗ ಕಾಲವನ್ನು ಹಿಂದೆ ಮುಂದೆ ಮಾಡಿಬಿಡುತ್ತಾರೆ. ಓದಿದ ಅಧಿಕಾರಿಗೆ ಯಾವ ದಿನ ಏನಾಯಿತು ಅನ್ನೋದೇ ತಿಳಿಯುವುದಿಲ್ಲ.

ಒಂದು ಅರ್ಜಿಯ ಮೊದಲ ಕರಡು ಹೀಗಿತ್ತು: ‘ಸೋಮವಾರ ನಮ್ಮ ಓಣಿಗೆ ನೀರು ಬಂದಿಲ್ಲ. ಮಂಗಳವಾರ ವಾಲ್ವ್‌ಮನ್‌ಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಗುರುವಾರ ಸಭೆಗೆ ಕರೆದಿದ್ದರು, ಬರಲಿಲ್ಲ. ಇಂದಿನವರೆಗೂ ಯಾರೂ ಪೈಪ್ ನೋಡಲಿಲ್ಲ. ಹಿಂದೆ ಹೀಗೆ ಆಗುವುದಿಲ್ಲ.’ ಐದು ವಾಕ್ಯ, ಐದರಲ್ಲೂ ತೊಡಕು. ಇದನ್ನೇ ಹಿಡಿದು ಹೋಗೋಣ.

ಮೊದಲು: ಅಲ್ಲವೋ, ಇಲ್ಲವೋ

‘ಅವನು ವಾಲ್ವ್‌ಮನ್ ಅಲ್ಲ’, ‘ಅವನು ಬರಲಿಲ್ಲ’. ಯಾರು, ಯಾವುದು ಎಂಬುದನ್ನು ಅಲ್ಲಗಳೆಯುವಾಗ ಅಲ್ಲ, ಕೆಲಸ ನಡೆಯದಿದ್ದರೆ ಇಲ್ಲ. ಇದರಲ್ಲಿ ಯಾರೂ ತಪ್ಪುವುದಿಲ್ಲ, ಮುಂದೆ ಹೋಗೋಣ.

ಆಮೇಲೆ: ‘ಹೌದು’ ವಾಕ್ಯ ಬರೆದುಕೊಳ್ಳಿ

ನೇರವಾಗಿ ‘ಇಲ್ಲ’ ವಾಕ್ಯ ಕಟ್ಟಲು ಹೋಗಬೇಡಿ. ನೀರು ಬಂದಿದ್ದರೆ ಏನು ಬರೆಯುತ್ತಿದ್ದಿರಿ, ಅದನ್ನು ಮೊದಲು ಬರೆಯಿರಿ. ಆಮೇಲೆ ಅದರ ಬಾಲ ನೋಡಿ. ಬಾಲದಲ್ಲಿ ‘ಇದೆ’ ಇದ್ದರೆ ಅಲ್ಲಿ ‘ಇಲ್ಲ’ ಕೂಡಿಸಿ. ಬಂದಿದೆ, ಬಂದಿಲ್ಲ. ಬರುತ್ತಿದೆ, ಬರುತ್ತಿಲ್ಲ. ಬಾಲದಲ್ಲಿ ‘ಇತ್ತು’ ಇದ್ದರೆ ‘ಇರಲಿಲ್ಲ’. ಬಂದಿತ್ತು, ಬಂದಿರಲಿಲ್ಲ. ಬರುತ್ತಿತ್ತು, ಬರುತ್ತಿರಲಿಲ್ಲ. ಇದ್ದೇನೆ, ಇದ್ದಾರೆ, ಇದ್ದೆ, ಇದ್ದರು ಎಂದು ಬೇರೆ ಬೇರೆ ಬಾಲ ಇದ್ದರೂ ಲೆಕ್ಕ ಇದೇ.

ಮೇಲಿನ ಕರಡಿನ ಕೊನೆಯ ವಾಕ್ಯ ಇಲ್ಲಿಗೇ ಸರಿಹೋಗುತ್ತದೆ. ‘ಹಿಂದೆ ಹೀಗೆ ಆಗುತ್ತಿತ್ತು’ ಎಂದು ಇಟ್ಟುಕೊಂಡು ನೋಡಿ. ಆಗುತ್ತಿತ್ತು, ಆಗುತ್ತಿರಲಿಲ್ಲ. ‘ಹಿಂದೆ ಹೀಗೆ ಆಗುವುದಿಲ್ಲ’ ಎಂದರೆ ‘ಹಿಂದೆ’ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ.

ಈ ದಾರಿ ನಡೆಯದಿರುವುದು ಎರಡೇ ಕಡೆ: ‘ಬರುತ್ತದೆ’ ಮತ್ತು ‘ಬಂತು’. ಇವೆರಡಕ್ಕೂ ಬಾಲ ಬದಲಿಸಿದರೆ ಸಾಲದು, ಬುಡದಿಂದ ಬೇರೆಯಾಗಿ ಕಟ್ಟಬೇಕು.

‘ಬರುತ್ತದೆ’ಗೆ ‘ಬರುವುದಿಲ್ಲ’

ದಿನಾ ಬರುತ್ತದೆ, ನಾಳೆ ಬರುತ್ತದೆ, ನಾಳೆ ಬರುವುದು, ಎಲ್ಲಕ್ಕೂ ‘ಬರುವುದಿಲ್ಲ’ ಒಂದೇ. ಬರುವುದು ಮತ್ತು ಇಲ್ಲ ಕೂಡಿ ಆದದ್ದು. ‘ಹೌದು’ ವಾಕ್ಯದಲ್ಲಿ ಇರುವ ವರ್ತಮಾನ-ಭವಿಷ್ಯದ ಭೇದ ಇಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ದಿನಾನೋ ನಾಳೆಯೋ ಎಂಬುದನ್ನು ನೀವೇ ಬರೆಯಬೇಕು.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಮಾತಿನಲ್ಲಿ ನಾವು ‘ಬರಂಗಿಲ್ಲ’ ಅನ್ನುತ್ತೇವೆ. ಅರ್ಜಿ ಬರೆಯುವಾಗ ಅದನ್ನು ‘ಶುದ್ಧ’ ಮಾಡಲು ಹೋಗಿ ‘ಬರುವ ಹಾಗಿಲ್ಲ’ ಎಂದು ಬರೆದವರನ್ನು ನೋಡಿದ್ದೇನೆ. ‘ನಾಳೆ ಸಭೆಗೆ ನಾವು ಬರುವ ಹಾಗಿಲ್ಲ’ ಎಂದರೆ ಯಾರೋ ನಿಮ್ಮನ್ನು ತಡೆದಿದ್ದಾರೆ ಎಂದಾಯಿತು! ಬರಂಗಿಲ್ಲಕ್ಕೆ ಬರಹದಲ್ಲಿ ಬರುವುದಿಲ್ಲ ಎಂದೇ ಬರೆಯಿರಿ.

‘ಬಂತು’: ಎಲ್ಲರೂ ಜಾರುವ ಮೆಟ್ಟಿಲು

‘ಬಂತು’ವಿಗೆ ಎದುರು ‘ಬರಲಿಲ್ಲ’. ಬರಲು ಮತ್ತು ಇಲ್ಲ ಕೂಡಿ ಆದದ್ದು. ಇದರೊಳಗೆ ಭೂತಕಾಲದ ಗುರುತೇ ಇಲ್ಲ ನೋಡಿ. ‘ಬಂದೆ, ಬಂದರು’ಗಳಲ್ಲಿ ಕಾಣುವ ‘ಬಂದ್’ ಇಲ್ಲಿ ಮಾಯ. ಆದರೂ ಅರ್ಥ ಭೂತಕಾಲದ್ದು. ಹೊಸದಾಗಿ ಕನ್ನಡ ಕಲಿಯುವವರು ‘ಬಂದಲಿಲ್ಲ’, ‘ಕೊಟ್ಟಲಿಲ್ಲ’ ಎನ್ನುವುದು ಇದಕ್ಕೇ. ಆಗಿಹೋದ ಮಾತಲ್ಲವೇ, ‘ಬಂದ್’ ಇರಲೇಬೇಕು ಎಂದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ, ಕನ್ನಡ ಹಾಗೆ ನಡೆಯುವುದಿಲ್ಲ ಅಷ್ಟೇ. ‘ಲಿಲ್ಲ’ದ ಹಿಂದೆ ಯಾವಾಗಲೂ ಮೂಲರೂಪ: ಕೊಡಲಿಲ್ಲ, ತರಲಿಲ್ಲ, ಇಡಲಿಲ್ಲ, ಸಿಗಲಿಲ್ಲ. ಬರಿಯ ‘ಇಲ್ಲ’ದ ಹಿಂದೆ ಭೂತರೂಪ: ಕೊಟ್ಟಿಲ್ಲ, ತಂದಿಲ್ಲ, ಇಟ್ಟಿಲ್ಲ, ಸಿಕ್ಕಿಲ್ಲ.

ಮಾಡು, ಹೇಳು, ನೋಡು ಇಂಥವುಗಳಲ್ಲಿ ಕಣ್ಣು ಇನ್ನೂ ಜಾಸ್ತಿ ಮೋಸಹೋಗುತ್ತದೆ. ಮಾಡಲಿಲ್ಲ, ಮಾಡಿಲ್ಲ. ನಡುವೆ ಇರುವುದು ಒಂದು ಅಕ್ಷರದ ಅಂತರ. ಟೈಪ್ ಮಾಡುವಾಗ ಅದು ಹಾರಿಹೋದರೂ ಉಳಿದ ಪದ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇನ್ನು ‘ಬರಲಿ ಇಲ್ಲ’ ಎಂದು ಬಿಡಿಸಿ ಬರೆಯುವುದನ್ನಂತೂ ದಯವಿಟ್ಟು ನಿಲ್ಲಿಸಿ. ‘ಬರಲಿ’ ಎಂದರೆ ಬರಲೆಂದು ಹಾರೈಸಿದ ಹಾಗೆ.

ಈಗ ಅರ್ಥದ ವ್ಯತ್ಯಾಸ. ‘ಬರಲಿಲ್ಲ’ ಎಂದಾಗ ಒಂದು ಹೊತ್ತು ಗೊತ್ತಾಗಿದೆ, ಆ ಹೊತ್ತು ಮುಗಿದೂ ಹೋಗಿದೆ. ಸೋಮವಾರ ನಮ್ಮ ಪಾಳಿ, ಸೋಮವಾರ ಕಳೆಯಿತು, ನೀರು ಬರಲಿಲ್ಲ. ‘ಬಂದಿಲ್ಲ’ ಎಂದಾಗ ಹೊತ್ತಿನ ಬಾಗಿಲು ಇನ್ನೂ ತೆರೆದೇ ಇದೆ. ಓಣಿಯಲ್ಲಿ ಕೊಡ ಸಾಲಾಗಿ ಇಟ್ಟುಕೊಂಡು ಕೂತವರು ಒಬ್ಬರನ್ನೊಬ್ಬರು ಕೇಳುತ್ತಾರೆ: ‘ನಳ ಬಂತೇನ್ರೀ?’ ಉತ್ತರ: ‘ಇಲ್ರೀ, ಇನ್ನೂ ಬಂದಿಲ್ಲ.’ ರಾತ್ರಿ ಹನ್ನೊಂದಾದ ಮೇಲೆ ಕೊಡ ಎತ್ತಿಕೊಂಡು ಒಳಗೆ ಹೋಗುವಾಗ ಅದೇ ಮಂದಿ ಹೇಳುವುದು: ‘ಇವತ್ತೂ ನಳ ಬರಲಿಲ್ಲ ನೋಡ್ರಿ.’ ಅದೇ ಕೊಡ, ಅದೇ ಖಾಲಿ ನಳ. ಬದಲಾದದ್ದು ಇಷ್ಟೇ, ಕಾಯುವುದು ಮುಗಿಯಿತು.

ಪರೀಕ್ಷೆ ಸುಲಭ. ವಾಕ್ಯದಲ್ಲಿ ‘ಇನ್ನೂ’ ಅಥವಾ ‘ಇಂದಿನವರೆಗೂ’ ಸೇರಿಸಿ ನೋಡಿ. ಒಪ್ಪಿದರೆ ಬಂದಿಲ್ಲ. ‘ಆ ದಿನ’, ‘ಸೋಮವಾರ’ ಒಪ್ಪಿದರೆ ಬರಲಿಲ್ಲ. ಮಾತಿನಲ್ಲಿ ‘ನಿನ್ನೆ ನಾ ಬಂದಿಲ್ಲ’ ಅಂತಲೂ ಜನ ಅನ್ನುತ್ತಾರೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ದಿನವಾರು ಹೇಳಬೇಕಾದ ಅರ್ಜಿಯಲ್ಲಿ ಬೇಡ.

ಈ ಪರೀಕ್ಷೆಗೆ ಸಿಗದ ಒಂದು ಜಾಗ ಇದೆ. ಆರೋಪ ಅಲ್ಲಗಳೆಯುವಾಗ ಹೊತ್ತು ಎಷ್ಟೇ ಹಿಂದಿನದಾದರೂ ‘ಇಲ್ಲ’ವೇ ಬೇಕು, ‘ಲಿಲ್ಲ’ ಬೇಡ. ‘ನಾನು ದುಡ್ಡು ತೆಗೆದುಕೊಂಡಿಲ್ಲ’ ಎಂದರೆ ಅಂಥದ್ದು ನಡೆದೇ ಇಲ್ಲ ಎಂದು ಅರ್ಥ. ‘ನಾನು ದುಡ್ಡು ತೆಗೆದುಕೊಳ್ಳಲಿಲ್ಲ’ ಎಂದರೆ? ಯಾರೋ ಕೊಡಲು ಬಂದಿದ್ದರು, ನಾನು ಬೇಡ ಅಂದೆ! ‘ಲಿಲ್ಲ’ ಬಂದ ಕೂಡಲೇ ಕೇಳುವವನ ಮನಸ್ಸಿನಲ್ಲಿ ಒಂದು ಸಂದರ್ಭ ಎದ್ದು ನಿಲ್ಲುತ್ತದೆ. ನೋಟಿಸಿಗೆ ಉತ್ತರ ಬರೆಯುವವರು ಇಷ್ಟಾದರೂ ನೆನಪಿಟ್ಟುಕೊಳ್ಳಿ. ‘ನಾನು ಹಾಗೆ ಹೇಳಿಲ್ಲ’ ಎನ್ನಿ. ‘ಹೇಳಲಿಲ್ಲ’ ಎಂದರೆ ಹೇಳಬೇಕಾಗಿದ್ದನ್ನು ಹೇಳದೇ ಬಿಟ್ಟೆ ಎಂದೂ ಆಗಬಹುದು.

ಯಾರು ಎಂದು ಬರೆಯಿರಿ

ಬಂದೆ, ಬಂದೆವು, ಬಂದಳು, ಬಂದರು ಎಂದರೆ ಕರ್ತೃ ಬೇಕಿಲ್ಲ, ಕ್ರಿಯಾಪದದ ಬಾಲವೇ ಹೇಳುತ್ತದೆ. ಇಲ್ಲ ಸೇರಿದರೆ ಆ ಬಾಲ ಬಿದ್ದುಹೋಗುತ್ತದೆ. ನಾನು ಬರಲಿಲ್ಲ, ಅವಳು ಬರಲಿಲ್ಲ, ಎಮ್ಮೆ ಬರಲಿಲ್ಲ. ಕರಡಿನ ಮೂರನೇ ವಾಕ್ಯ ನೋಡಿ: ‘ಗುರುವಾರ ಸಭೆಗೆ ಕರೆದಿದ್ದರು, ಬರಲಿಲ್ಲ.’ ಬಾರದವರು ಯಾರು? ಕರೆದ ಎಂಜಿನಿಯರೋ, ಓಣಿಯ ಜನವೋ? ಬರೆದವರ ಮನಸ್ಸಿನಲ್ಲಿ ಎಂಜಿನಿಯರ್ ಇದ್ದರು. ಓದಿದವರು ತಪ್ಪು ಓಣಿಯವರದ್ದೇ ಎಂದುಕೊಳ್ಳಬಹುದು.

ಬಾಲ ಉಳಿಸಿಕೊಂಡ ‘ಇಲ್ಲ’ಗಳೂ ಇವೆ. ಬರಲಾರೆ, ಬರಲಾರಳು, ಬರಲಾರರು. ನಮ್ಮ ಮಾತಿನಲ್ಲಿ ಇನ್ನೊಂದಿದೆ: ಅಂವ ಬರವಲ್ಲ, ಅಕಿ ಬರವಲ್ಲಳು, ನಳ ಬರವಲ್ದು. ‘ಒಲ್ಲೆ’ಯ ನಂಟು ಇದು. ಬರಬೇಕು, ಕಾಯುತ್ತಿದ್ದೇವೆ, ಆದರೂ ಬರುತ್ತಿಲ್ಲ ಅನ್ನೋದನ್ನೆಲ್ಲ ಒಂದೇ ಪದ ಹೇಳಿಬಿಡುತ್ತದೆ. ಅರ್ಜಿಗೆ ಮಾತ್ರ ‘ಬರುತ್ತಿಲ್ಲ’ ಎಂದು ಬರೆದು, ಜೊತೆಗೆ ‘ಎಷ್ಟು ಕಾದರೂ’ ಸೇರಿಸಬೇಕಾಗುತ್ತದೆ. ಪೇಟೆಯಲ್ಲಿ ಸಿಗುವ, ಇಷ್ಟೇ ದಿನದಲ್ಲಿ ಕನ್ನಡ ಕಲಿಸುತ್ತೇವೆನ್ನುವ ಕೈಪಿಡಿಗಳಲ್ಲಿ ನಾನು ಇದನ್ನು ಕಂಡಿಲ್ಲ. ಅಂಥ ಕೆಲವು ಕೈಪಿಡಿಗಳಂತೂ ‘ಬರುವುದಿಲ್ಲ’ ಒಂದನ್ನೇ ಕೋಷ್ಟಕದಲ್ಲಿ ಹಾಕಿ ಕೈತೊಳೆದುಕೊಂಡಿರುತ್ತವೆ. ಅವಕ್ಕೆ ದುಡ್ಡು ಹಾಕಬೇಡಿ.

ತಿದ್ದಿದ ಅರ್ಜಿ

‘ಸೋಮವಾರ ನಮ್ಮ ಓಣಿಗೆ ನೀರು ಬರಲಿಲ್ಲ. ಮಂಗಳವಾರ ಫೋನ್ ಮಾಡಿದಾಗ ವಾಲ್ವ್‌ಮನ್ ಎತ್ತಲಿಲ್ಲ. ಗುರುವಾರ ಎಂಜಿನಿಯರ್ ಸಭೆ ಕರೆದಿದ್ದರು, ಆದರೆ ಅವರೇ ಬರಲಿಲ್ಲ. ಇಂದಿನವರೆಗೂ ಯಾರೂ ಪೈಪ್ ನೋಡಿಲ್ಲ. ಹಿಂದೆ ಹೀಗೆ ಆಗುತ್ತಿರಲಿಲ್ಲ.’

ದಿನ ಹೆಸರಿಸಿದ ಮೂರು ಕಡೆ ‘ಲಿಲ್ಲ’, ಬಾಗಿಲು ತೆರೆದಿರುವ ಒಂದು ಕಡೆ ‘ಇಲ್ಲ’, ಹಿಂದಿನ ರೂಢಿಗೆ ‘ಇರಲಿಲ್ಲ’. ಇದನ್ನು ಕಚೇರಿಯ ಹೊರಗಿನ ಟೈಪಿಂಗ್ ಅಂಗಡಿಗೆ ಒಯ್ದರೆ ಎಲ್ಲವನ್ನೂ ‘ಬಂದಿರುವುದಿಲ್ಲ’, ‘ನೋಡಿರುವುದಿಲ್ಲ’ ಮಾಡಿಕೊಡುತ್ತಾರೆ. ಸರ್ಕಾರಿ ಕಾಗದ ಅಂದರೆ ಹಾಗೇ ಇರಬೇಕು ಎಂಬ ನಂಬಿಕೆ. ಒಪ್ಪಬೇಡಿ. ಸೋಮವಾರದ್ದೂ ಇಂದಿನವರೆಗಿನದ್ದೂ ಒಂದೇ ಅಚ್ಚಿಗೆ ಬಿದ್ದು, ನೀವು ಪಟ್ಟ ಶ್ರಮವೆಲ್ಲ ಹೋಯಿತು.

ನಾಮಪದದ ಮುಂದೆ ಬಂದಾಗ

ಇಲ್ಲಿ ಕಾಲ ಪೂರ್ತಿ ಕರಗುತ್ತದೆ. ನೀರು ಬಂದ ದಿನ, ನೀರು ಬರುವ ದಿನ, ಎರಡಕ್ಕೂ ಎದುರು ‘ನೀರು ಬರದ ದಿನ’. ಕಾಲ ತೋರಿಸಲೇಬೇಕಾದರೆ ‘ಬರದೇ ಇದ್ದ ದಿನ’, ‘ಬರದೇ ಇರುವ ದಿನ’ ಎಂದು ಬಿಡಿಸಿ. ಒಂದು ಅಪಾಯ ಮಾತ್ರ ಇದೆ. ನಮ್ಮ ಬಾಯಲ್ಲಿ ‘ಬರೆದ’ ಕೂಡ ‘ಬರದ’ ಆಗುತ್ತದೆ, ಕೈಯೂ ಹಾಗೇ ಬರೆಯುತ್ತದೆ. ‘ನಾವು ಬರದ ಅರ್ಜಿ’ ಎಂದು ಬರೆದು ಕೊಟ್ಟವರೂ ಇದ್ದಾರೆ. ಅದಕ್ಕೇ ಬರವಣಿಗೆಯಲ್ಲಿ ನಾನು ‘ಬಾರದ’ ಎಂದು ದೀರ್ಘ ಹಾಕಿಸುತ್ತೇನೆ: ನೀರು ಬಾರದ ದಿನ, ನಾವು ಬರೆದ ಅರ್ಜಿ.